ಬೆನ್ನು ಸೀಳಿದಂಥ ನೋವು: ಮಹಾಪಧಮನಿ ಹರಿದಾಗ ಮೊದಲ ಗಂಟೆಗಳಲ್ಲಿ ಏನು ಮಾಡಬೇಕು?

ಎದೆನೋವು ಅಂದ ಕೂಡಲೇ ನಮ್ಮ ಮನೆಗಳಲ್ಲಿ ಎರಡು ಮಾತು ಬರುತ್ತವೆ. ಒಂದು ಗ್ಯಾಸು, ಇನ್ನೊಂದು ಹಾರ್ಟ್ ಅಟ್ಯಾಕು. ಮೂರನೆಯದೊಂದು ಇದೆ. ಅದು ಅಪರೂಪ, ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು ಮೂವರಿಗೆ ಬರುವಂಥದ್ದು. ಆದರೆ ಮೊದಲೆರಡಕ್ಕೆ ನಾವು ಮಾಡುವ ಉಪಚಾರವೇ ಈ ಮೂರನೆಯದರಲ್ಲಿ ಪ್ರಾಣಕ್ಕೆ ಎರವಾಗಬಹುದು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಗೋಡೆ ಹರಿಯುವುದೇ ಆ ಕಾಯಿಲೆ. ವೈದ್ಯರು ಇದನ್ನು ಅಯೋರ್ಟಿಕ್ ಡಿಸೆಕ್ಷನ್ ಎನ್ನುತ್ತಾರೆ.

ಮಹಾಪಧಮನಿ ಹೃದಯದ ಮೇಲಿಂದ ಹೊರಟು, ಕೊಡೆಯ ಹಿಡಿಯಂತೆ ಬಾಗಿ, ಬೆನ್ನುಮೂಳೆಯ ಪಕ್ಕದಲ್ಲೇ ಹೊಟ್ಟೆಯವರೆಗೆ ಇಳಿಯುತ್ತದೆ. ಅದರ ಗೋಡೆಗೆ ಮೂರು ಪದರ. ಒಳಪದರದಲ್ಲಿ ಒಂದು ಸೀಳು ಬಿದ್ದರೆ ರಕ್ತ ಆ ಸೀಳಿನಲ್ಲಿ ನುಗ್ಗಿ, ಪದರಗಳನ್ನು ಬಿಡಿಸುತ್ತಾ ಮುಂದೆ ಹೋಗುತ್ತದೆ. ಅಸ್ತರಿ ಹರಿದ ಕೋಟು ಹಾಕಿಕೊಳ್ಳುವಾಗ ಕೈ ತೋಳಿನೊಳಗೆ ಇಳಿಯದೆ ಬಟ್ಟೆ ಮತ್ತು ಅಸ್ತರಿಯ ನಡುವೆ ಸಿಕ್ಕಿಹಾಕಿಕೊಳ್ಳುತ್ತದಲ್ಲ, ಹಾಗೆ. ಕೈ ಒತ್ತಿದಷ್ಟೂ ಅಸ್ತರಿ ಇನ್ನಷ್ಟು ಬಿಚ್ಚುತ್ತದೆ. ಇಲ್ಲಿ ಒತ್ತುತ್ತಿರುವುದು ಹೃದಯ, ಅದೂ ನಿಮಿಷಕ್ಕೆ ಎಪ್ಪತ್ತು ಎಂಬತ್ತು ಸಲ. ರೋಗಿ ಹೆದರಿದರೆ, ನಡೆದರೆ, ತಿಣುಕಿದರೆ ಆ ಒತ್ತು ಇನ್ನೂ ಜೋರಾಗುತ್ತದೆ.

ನೋವನ್ನು ಗುರುತಿಸುವುದು

ಹಾರ್ಟ್ ಅಟ್ಯಾಕಿನ ನೋವು ಸಾಮಾನ್ಯವಾಗಿ ಏರುತ್ತಾ ಹೋಗುತ್ತದೆ. ಮೊದಲು ಏನೋ ಭಾರ, ಆಮೇಲೆ ಹಿಂಡಿದಂತೆ, ಹತ್ತು ಹದಿನೈದು ನಿಮಿಷದಲ್ಲಿ ತಡೆಯಲಾಗದಷ್ಟು. ಮಹಾಪಧಮನಿ ಹರಿದಾಗಿನ ನೋವಿಗೆ ಏರುವ ಹಂತವೇ ಇಲ್ಲ. ಮೊದಲ ಕ್ಷಣದಲ್ಲೇ ಅದು ತನ್ನ ತುದಿಯಲ್ಲಿರುತ್ತದೆ. ಹಾಗಾಗಿ ರೋಗಿ ಸಾಮಾನ್ಯವಾಗಿ ಸಮಯವನ್ನು ನಿಮಿಷದ ಲೆಕ್ಕದಲ್ಲಿ ಹೇಳಬಲ್ಲರು: ‘ಬಿಂದಿಗೆ ಎತ್ತಿ ಸೊಂಟಕ್ಕಿಟ್ಟೆ, ಅಷ್ಟೇ.’ ‘ಯಾವಾಗ ಶುರುವಾಯ್ತು?’ ಎಂದು ಕೇಳಿದರೆ ಸಾಲದು. ‘ಶುರುವಾದ ಆ ಕ್ಷಣದಲ್ಲಿ ಎಷ್ಟಿತ್ತು?’ ಎಂದೂ ಕೇಳಬೇಕು. ಮನೆಯವರು ಕೇಳಬಹುದಾದ ಪ್ರಶ್ನೆಗಳಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ.

‘ಹರಿದಂತೆ’ ಎಂಬ ಪದವೇ ರೋಗಿಯ ಬಾಯಿಂದ ಬರಲಿ ಎಂದು ಕಾಯಬೇಡಿ. ಈ ಕಾಯಿಲೆಯ ಅಂತರರಾಷ್ಟ್ರೀಯ ನೋಂದಣಿಯೊಂದು 2000ದಲ್ಲಿ 464 ರೋಗಿಗಳ ವಿವರ ಪ್ರಕಟಿಸಿತು. ಅವರಲ್ಲಿ ಶೇ 85ರಷ್ಟು ಜನ ನೋವು ದಿಢೀರನೆ ಬಂತು ಎಂದಿದ್ದರು. ಹರಿದಂತೆ, ಸೀಳಿದಂತೆ ಎಂದವರು ಅರ್ಧದಷ್ಟು ಮಾತ್ರ. ಚೂರಿ ಹಾಕಿದಂತೆ ಚುಚ್ಚಿತು ಎಂದವರೇ ಹೆಚ್ಚು. ನೋವಿನ ಬಗೆಗಿಂತ ಅದು ಬಂದ ರೀತಿ ಮುಖ್ಯ.

ಎರಡನೆಯ ಗುರುತು, ನೋವು ಜಾಗ ಬದಲಿಸುವುದು. ಎದೆಯ ಮುಂಭಾಗದಲ್ಲೋ ಕತ್ತಿನಲ್ಲೋ ಶುರುವಾಗಿ, ಭುಜದ ಹಲಗೆಗಳ ನಡುವೆ ಬಂದು, ಸೊಂಟಕ್ಕೆ, ಹೊಟ್ಟೆಗೆ ಇಳಿಯಬಹುದು. ಸೀಳು ಸಾಗಿದ ದಾರಿಯಲ್ಲೇ ನೋವೂ ಸಾಗುತ್ತದೆ. ಈ ದಾರಿಯಲ್ಲಿ ಕವಲೊಡೆಯುವ ಯಾವ ನಾಳದ ಬಾಯಿ ಮುಚ್ಚಿದರೂ ಅಲ್ಲಿಗೆ ರಕ್ತ ನಿಲ್ಲುತ್ತದೆ. ಮಿದುಳಿಗೆ ಹೋಗುವುದು ಮುಚ್ಚಿದರೆ ಮಾತು ತೊದಲುತ್ತದೆ, ಒಂದು ಕಡೆಯ ಕೈಕಾಲು ಸೋಲುತ್ತದೆ. ಕಾಲಿಗೆ ಹೋಗುವುದು ಮುಚ್ಚಿದರೆ ಒಂದು ಕಾಲು ತಣ್ಣಗಾಗಿ ಜೋಮು ಹಿಡಿಯುತ್ತದೆ. ಎದೆ ಅಥವಾ ಬೆನ್ನುನೋವಿನ ಜೊತೆಗೆ ಪಾರ್ಶ್ವವಾಯುವಿನ ಲಕ್ಷಣವೋ, ಸತ್ತಂತಾದ ಕಾಲೋ, ಎಚ್ಚರ ತಪ್ಪಿದ್ದೋ ಸೇರಿಕೊಂಡಿದ್ದರೆ ‘ಎರಡು ಕಾಯಿಲೆ ಒಟ್ಟಿಗೆ ಬಂದಿದೆ’ ಅಂದುಕೊಳ್ಳುವ ಮೊದಲು ಈ ಒಂದೇ ಕಾಯಿಲೆಯನ್ನು ನೆನೆಯಬೇಕು.

ಇಲ್ಲಿ ಮೋಸಹೋಗುವ ಜಾಗವೊಂದಿದೆ. ಮೊದಲ ಸೀಳಿನ ನೋವು ಅರ್ಧ, ಮುಕ್ಕಾಲು ಗಂಟೆಯಲ್ಲಿ ತಾನಾಗಿ ತಗ್ಗಬಹುದು. ಸೀಳು ಸದ್ಯಕ್ಕೆ ನಿಂತಿದೆ ಅಂತ ಅರ್ಥ, ಕೂಡಿಕೊಂಡಿದೆ ಅಂತಲ್ಲ. ಸೋಡಾ ಕುಡಿದ ಮೇಲೆ ನೋವು ಇಳಿಯಿತು, ಹಾಗಾದರೆ ಗ್ಯಾಸೇ ಇರಬೇಕು ಎಂದು ಮಲಗಿಬಿಡುವುದು ಈ ಹೊತ್ತಿನಲ್ಲೇ. ಇನ್ನು ಕೆಲವರಲ್ಲಿ ನೋವೇ ಇರುವುದಿಲ್ಲ, ಸುಮ್ಮನೆ ಕುಸಿದು ಬೀಳುತ್ತಾರೆ.

ಗಂಟೆಯ ಲೆಕ್ಕ ಯಾಕೆ

ಸೀಳು ಎಲ್ಲಿದೆ ಎಂಬುದರ ಮೇಲೆ ವೈದ್ಯರು ಇದನ್ನು ಎರಡಾಗಿ ವಿಂಗಡಿಸುತ್ತಾರೆ. ಹೃದಯದಿಂದ ಮೇಲಕ್ಕೇರುವ ಭಾಗವನ್ನು ಸೀಳು ತಾಗಿದ್ದರೆ ಎ ವಿಧ. ಆ ಭಾಗವನ್ನು ಬಿಟ್ಟು ಬೆನ್ನಿನ ಕಡೆ ಇಳಿಯುವ ಭಾಗದಲ್ಲಿ ಮಾತ್ರ ಇದ್ದರೆ ಬಿ ವಿಧ. ಎ ವಿಧ ಬಹಳ ಅಪಾಯದ್ದು. ಆ ಭಾಗದ ಬುಡ ಹೃದಯದ ಹೊರಚೀಲದ ಒಳಗಿರುತ್ತದೆ. ಹೊರಪದರವೂ ಒಡೆದರೆ ರಕ್ತ ಚೀಲದೊಳಗೆ ತುಂಬಿಕೊಂಡು ಹೃದಯವನ್ನೇ ಅಮುಕಿಬಿಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಎ ವಿಧದಲ್ಲಿ ಮೊದಲ ಎರಡು ದಿನ ಪ್ರತಿ ಗಂಟೆಗೆ ನೂರರಲ್ಲಿ ಒಬ್ಬಿಬ್ಬರು ಸಾಯುತ್ತಾರೆ ಎಂಬುದು ವೈದ್ಯಕೀಯದಲ್ಲಿ ಬಹುಕಾಲದಿಂದ ಬಂದಿರುವ ಲೆಕ್ಕ. ‘ಬೆಳಿಗ್ಗೆ ನೋಡೋಣ’ ಎಂದು ಹತ್ತು ಗಂಟೆ ಕಾದರೆ ಅದರ ಬೆಲೆ ಏನು ಎಂಬುದನ್ನು ನೀವೇ ಗುಣಿಸಿಕೊಳ್ಳಿ.

ಮನೆಯಲ್ಲಿ

ಮೊದಲು ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. 108ಕ್ಕೆ ಕರೆ ಮಾಡಿ ‘ಎದೆನೋವು’ ಎಂದಷ್ಟೇ ಹೇಳದೆ, ‘ದಿಢೀರನೆ ಎದೆ ಬೆನ್ನು ಸೀಳಿದ ಹಾಗೆ ನೋವು, ಬೆವರುತ್ತಿದ್ದಾರೆ’ ಎಂದು ಪೂರ್ತಿ ಹೇಳಿ. ರೋಗಿಯನ್ನು ಇದ್ದಲ್ಲೇ ಮಲಗಿಸಿ. ಉಸಿರು ಕಟ್ಟುತ್ತದೆ ಎಂದರೆ ಒರಗಿಸಿ ಕೂರಿಸಿ. ಮಹಡಿ ಇಳಿಸಬೇಕಾದರೆ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹಿಡಿದು ಇಳಿಸಿ, ನಡೆಸಬೇಡಿ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದು ನಮ್ಮ ಊರುಗಳಲ್ಲಿ ಮಾಮೂಲು. ಇಲ್ಲಿ ಮಾತ್ರ ಅದು ಬೇಡ. ಆಂಬುಲೆನ್ಸ್ ತಡವಾಗುತ್ತದೆ ಎಂದಾದರೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಡಿ.

ಶೌಚಕ್ಕೆ ಹೋಗಬೇಕು ಎಂದು ರೋಗಿ ಹಟ ಮಾಡಬಹುದು. ತಿಣುಕುವಾಗ ರಕ್ತದೊತ್ತಡ ಜಿಗಿಯುತ್ತದೆ, ಆದ್ದರಿಂದ ತಡೆಯಿರಿ. ಇಂಗ್ಲೆಂಡಿನ ದೊರೆ ಎರಡನೇ ಜಾರ್ಜ್ 1760ರಲ್ಲಿ ಒಂದು ಬೆಳಿಗ್ಗೆ ಶೌಚಕ್ಕೆ ಹೋದಾಗಲೇ ಕುಸಿದು ತೀರಿಕೊಂಡ. ಅವನ ದೇಹ ಕೊಯ್ದು ನೋಡಿದ ವೈದ್ಯರು ಬರೆದಿಟ್ಟ ವಿವರ ಈ ಕಾಯಿಲೆಯ ಹಳೆಯ ಸ್ಪಷ್ಟ ದಾಖಲೆಗಳಲ್ಲೊಂದು: ಸೀಳಿದ ಮಹಾಪಧಮನಿ, ಹೃದಯದ ಚೀಲದ ತುಂಬ ರಕ್ತ.

ಈಗ ಮಾತ್ರೆಯ ವಿಚಾರ. ಹಿಂಡಿದಂಥ, ಏರುತ್ತಾ ಹೋಗುವ, ಎಡಗೈಗೋ ದವಡೆಗೋ ಹರಡುವ ನೋವಿಗೆ ಆಸ್ಪಿರಿನ್ ಅಗಿಯಿರಿ ಎಂಬ ಸಲಹೆ ಸರಿಯಾದದ್ದೇ. ಹಾರ್ಟ್ ಅಟ್ಯಾಕ್ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು, ಅಲ್ಲಿ ಆಸ್ಪಿರಿನ್ ಜೀವ ಉಳಿಸುತ್ತದೆ. ಆದರೆ ನೋವು ಮೇಲೆ ಹೇಳಿದಂತೆ ಸಿಡಿಲಿನ ಹಾಗೆ ಬಂದು ಬೆನ್ನಿಗೆ ಹೋಗಿದ್ದರೆ ಆಸ್ಪಿರಿನ್ ಕೊಡಬೇಡಿ, ವೈದ್ಯರು ನೋಡುವವರೆಗೆ ತಡೆಯಿರಿ. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಇಲ್ಲಿ ನಮಗೆ ಬೇಕಿರುವುದು ಅದಕ್ಕೆ ವಿರುದ್ಧವಾದದ್ದು. ಮನೆಯ ಹಿರಿಯರ ಡಬ್ಬಿಯಲ್ಲಿ ಸಿಗುವ, ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಕೂಡ ಬೇಡ. ಅದು ಬಿಪಿಯನ್ನು ದಿಢೀರನೆ ಇಳಿಸಿ ಹೃದಯ ಓಡುವಂತೆ ಮಾಡುತ್ತದೆ. ಹೃದಯದ ಚೀಲದಲ್ಲಿ ರಕ್ತ ತುಂಬಿದ್ದರೆ ರೋಗಿ ಅಲ್ಲೇ ಕುಸಿಯಬಹುದು. ಬಿಪಿ ಮಾತ್ರೆಯನ್ನೂ ‘ಇನ್ನೊಂದು ಇರಲಿ’ ಎಂದು ಕೊಡಬೇಡಿ. ಈಗಾಗಲೇ ಏನಾದರೂ ನುಂಗಿಸಿದ್ದರೆ ಗಾಬರಿಯಾಗಬೇಡಿ, ಯಾವುದು, ಎಷ್ಟು ಹೊತ್ತಿಗೆ ಎಂದು ವೈದ್ಯರಿಗೆ ತಿಳಿಸಿ, ಅಷ್ಟೇ. ಊಟ, ಕಾಫಿ, ನೀರು ಯಾವುದೂ ಬೇಡ, ಆಪರೇಷನ್ ಬೇಕಾಗಬಹುದು.

ಮನೆಯಲ್ಲಿ ಬಿಪಿ ಮಷೀನ್ ಇದ್ದರೆ, ಆಂಬುಲೆನ್ಸ್ ಬರುವವರೆಗಿನ ಐದು ನಿಮಿಷಕ್ಕೆ ಅದೊಂದು ಕೆಲಸ. ಮಲಗಿದ್ದಂತೆಯೇ ಬಲಗೈಯಲ್ಲಿ ಒಂದು ಸಲ, ಎಡಗೈಯಲ್ಲಿ ಒಂದು ಸಲ, ಮತ್ತೆ ಬಲಗೈಯಲ್ಲಿ ಒಂದು ಸಲ ನೋಡಿ ಬರೆದಿಡಿ. ಮೇಲಿನ ಸಂಖ್ಯೆಯಲ್ಲಿ 20ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಚೀಟಿಯನ್ನು ವೈದ್ಯರ ಕೈಗೇ ಕೊಡಿ. ವ್ಯತ್ಯಾಸ ಬರಲಿಲ್ಲ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದಲ್ಲ, ಎಷ್ಟೋ ರೋಗಿಗಳಲ್ಲಿ ಅದು ಬರುವುದೇ ಇಲ್ಲ.

ಒಂದು ಉದಾಹರಣೆಯನ್ನು ಹಿಡಿದು ಹೋಗೋಣ

ಐವತ್ನಾಲ್ಕರ ಗಂಡಸು ಅಂದುಕೊಳ್ಳಿ. ಹತ್ತು ವರ್ಷದಿಂದ ಬಿಪಿ, ಬೀಡಿ ಸೇದುತ್ತಾರೆ, ‘ಆರಾಮಾಗಿದೀನಲ್ಲ’ ಎಂದು ಮೂರು ತಿಂಗಳಿಂದ ಮಾತ್ರೆ ಬಿಟ್ಟಿದ್ದಾರೆ. ಬೆಳಿಗ್ಗೆ 6:10ಕ್ಕೆ ತೆಂಗಿನಕಾಯಿಯ ಮೂಟೆ ಎತ್ತುವಾಗ ಎದೆಯಲ್ಲಿ ಚೂರಿ ಹಾಕಿದಂಥ ನೋವು, ಹತ್ತು ನಿಮಿಷದಲ್ಲಿ ಅದು ಭುಜದ ಹಲಗೆಗಳ ನಡುವೆ ಹೋಗುತ್ತದೆ. 6:50ಕ್ಕೆ ತಾಲ್ಲೂಕು ಆಸ್ಪತ್ರೆ. ಇಸಿಜಿಯಲ್ಲಿ ಅಂಥದ್ದೇನೂ ಇಲ್ಲ. ಬಲಗೈಯಲ್ಲಿ ಬಿಪಿ 128/80. ಎಲ್ಲ ಸರಿ ಇದೆ ಎನಿಸುವಂಥ ಚಿತ್ರ.

ತಪ್ಪು ದಾರಿ ಇಲ್ಲಿಂದಲೇ ಕವಲೊಡೆಯುತ್ತದೆ. ಹತ್ತು ವರ್ಷದ ಬಿಪಿ ರೋಗಿ, ಮಾತ್ರೆ ಬಿಟ್ಟವರು, ನೋವಿನಲ್ಲಿ ನರಳುತ್ತಿರುವವರು. ಇವರ ಬಿಪಿ 128 ಇರುವುದು ಹೇಗೆ? ಎಡಗೈಗೆ ಪಟ್ಟಿ ಕಟ್ಟಿದರೆ 172/94. ನಿಜವಾದ ಒತ್ತಡ ಇದು. ಬಲಗೈಗೆ ಹೋಗುವ ನಾಳದ ಬಾಯನ್ನು ಸೀಳಿದ ಪದರ ಅಡ್ಡಗಟ್ಟಿರುವುದರಿಂದ ಅಲ್ಲಿ ಕಡಿಮೆ ತೋರಿಸುತ್ತಿದೆ. ಇನ್ನು ಮುಂದೆ ಔಷಧಿಯ ಪ್ರಮಾಣ ನಿರ್ಧರಿಸಬೇಕಾದದ್ದು ಎಡಗೈಯ ಸಂಖ್ಯೆ ನೋಡಿಯೇ. ಯಾವ ಕೈಯಲ್ಲಿ ಹೆಚ್ಚೋ ಆ ಕೈ. ಬಲಗೈಯನ್ನಷ್ಟೇ ನೋಡಿ ಆ್ಯಸಿಡಿಟಿಗೆ ಇಂಜೆಕ್ಷನ್ ಕೊಟ್ಟು ಕಳಿಸಿದ್ದರೆ ಕತೆ ಬೇರೆಯಾಗುತ್ತಿತ್ತು.

ಇನ್ನೊಂದು ಕವಲೂ ಇದೆ, ಅದು ಇನ್ನೂ ನವಿರು. ಕೆಲವೊಮ್ಮೆ ಸೀಳು ಹಿಂದಕ್ಕೆ, ಹೃದಯದ ಕಡೆಗೇ ಸಾಗಿ ಹೃದಯದ ಬಲ ರಕ್ತನಾಳದ ಬಾಯನ್ನು ಮುಚ್ಚುತ್ತದೆ. ಆಗ ಇಸಿಜಿಯಲ್ಲಿ ನಿಜವಾದ ಹಾರ್ಟ್ ಅಟ್ಯಾಕೇ ಕಾಣುತ್ತದೆ. ಕರ್ನಾಟಕದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಗುವಂತೆ ಮಾಡಿರುವುದು ದೊಡ್ಡ ಕೆಲಸ, ಹಾರ್ಟ್ ಅಟ್ಯಾಕಿಗೆ ಅದನ್ನು ತಡಮಾಡದೆ ಹಾಕಿಸಿಕೊಳ್ಳಬೇಕು. ಆದರೆ ಮಹಾಪಧಮನಿ ಹರಿದವರಿಗೆ ಅದೇ ಇಂಜೆಕ್ಷನ್ ಹೋದರೆ ರಕ್ತಸ್ರಾವ ನಿಲ್ಲಿಸುವುದು ಕಷ್ಟ. ಆದ್ದರಿಂದ ಇಂಜೆಕ್ಷನ್‌ಗೆ ಸಹಿ ಹಾಕುವ ಮುನ್ನ ಮನೆಯವರು ಒಂದು ಮಾತು ಕೇಳಬಹುದು: ‘ಡಾಕ್ಟ್ರೇ, ನೋವು ಒಂದೇ ಸಲಕ್ಕೆ ಬಂದು ಬೆನ್ನಿಗೆ ಹೋಯ್ತು. ಎರಡೂ ಕೈಯ ಬಿಪಿ ನೋಡಿದ್ರಾ? ಅಯೋರ್ಟಾ ಹರಿದಿರಬಹುದಾ?’ ಇದರಲ್ಲಿ ವೈದ್ಯರಿಗೆ ಅವಮಾನವಾಗುವಂಥದ್ದು ಏನೂ ಇಲ್ಲ. ಈ ಕಾಯಿಲೆಗೆ ಆಪರೇಷನ್ ರೂಪಿಸಿದ ಅಮೆರಿಕದ ಶಸ್ತ್ರವೈದ್ಯ ಮೈಕೆಲ್ ಡಿಬೇಕಿಗೇ 2005ರ ಕೊನೆಯ ದಿನ, 97ನೇ ವಯಸ್ಸಿನಲ್ಲಿ, ಇದು ಬಂತು. ಅವರೂ ಮೊದಲು ಹಾರ್ಟ್ ಅಟ್ಯಾಕ್ ಎಂದೇ ಭಾವಿಸಿದ್ದರು. 2006ರ ಫೆಬ್ರುವರಿಯಲ್ಲಿ ಅದೇ ಆಪರೇಷನ್ ಮಾಡಿಸಿಕೊಂಡು 99ರವರೆಗೆ ಬದುಕಿದರು.

ನಮ್ಮ ರೋಗಿಗೆ ಬರೋಣ. ತಾಲ್ಲೂಕು ಆಸ್ಪತ್ರೆಯಲ್ಲಿ ಈಗ ಎರಡು ಕೆಲಸ: ನೋವು ಇಳಿಸುವುದು, ಹೃದಯದ ಹೊಡೆತ ಮೆತ್ತಗಾಗಿಸುವುದು. ನೋವಿಗೆ ಮಾರ್ಫಿನ್ ಅಥವಾ ಫೆಂಟನಿಲ್. ಹೊಡೆತಕ್ಕೆ ಲೆಬೆಟಲಾಲ್ ಅಥವಾ ಎಸ್ಮೊಲಾಲ್ ರಕ್ತನಾಳದ ಮೂಲಕ. ನಾಡಿ ನಿಮಿಷಕ್ಕೆ 60ರ ಕೆಳಗೆ, ಮೇಲಿನ ಬಿಪಿ 100ರಿಂದ 120ರ ನಡುವೆ ಬರಬೇಕು. ಮೊದಲು ನಾಡಿ, ಆಮೇಲೆ ಬಿಪಿ ಎಂಬ ಕ್ರಮ ತಪ್ಪಬಾರದು. ರಕ್ತನಾಳ ಹಿಗ್ಗಿಸುವ ಔಷಧಿಯನ್ನೇ ಮೊದಲು ಕೊಟ್ಟರೆ ಬಿಪಿ ಇಳಿಯುತ್ತದೆ ನಿಜ, ಆದರೆ ಹೃದಯ ಅದನ್ನು ಸರಿದೂಗಿಸಲು ಇನ್ನೂ ಜೋರಾಗಿ ಬಡಿದು ಸೀಳನ್ನು ಮುಂದಕ್ಕೆ ತಳ್ಳುತ್ತದೆ. ಬಂದಾಗಲೇ ಬಿಪಿ ಬಿದ್ದುಹೋಗಿರುವ ರೋಗಿಗೆ ಇದ್ಯಾವುದೂ ಅನ್ವಯಿಸದು; ಅದು ಚೀಲದಲ್ಲಿ ರಕ್ತ ತುಂಬಿರುವ ಸೂಚನೆಯಾಗಿರಬಹುದು, ನೇರ ಆಪರೇಷನ್ ಕೋಣೆಯ ಪ್ರಕರಣ.

ಎದೆಯ ಎಕ್ಸ್‌ರೇ ಸರಿಯಾಗಿದೆ ಎಂದು ನಿಲ್ಲುವಂತಿಲ್ಲ, ಸುಮಾರು ಎಂಟರಲ್ಲಿ ಒಬ್ಬರ ಎಕ್ಸ್‌ರೇ ಏನೂ ತೋರಿಸುವುದಿಲ್ಲ. ಖಚಿತವಾಗುವುದು ಕಾಂಟ್ರಾಸ್ಟ್ ಹಾಕಿ ಮಾಡುವ ಸಿಟಿ ಆಂಜಿಯೋಗ್ರಾಮ್‌ನಿಂದ. ಮಹಾಪಧಮನಿಯೊಳಗೆ ತೆಳ್ಳನೆಯ ಪರದೆಯೊಂದು ನಾಳವನ್ನು ಎರಡು ಕೋಣೆಯಾಗಿ ಒಡೆದಿರುವುದು ಚಿತ್ರದಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಡಿ-ಡೈಮರ್ ಎಂಬ ರಕ್ತಪರೀಕ್ಷೆ ಸಂಶಯ ಕಡಿಮೆ ಇರುವವರಲ್ಲಿ ಮಾತ್ರ ಉಪಯೋಗ. ಇವರಂತೆ ಎಲ್ಲ ಗುರುತುಗಳೂ ಇರುವವರಲ್ಲಿ ಅದಕ್ಕಾಗಿ ಕಾಯುವುದು ಸಮಯ ಕಳೆದಂತೆ.

ಸಿಟಿ ಆಗುವವರೆಗೆ ಇವರದು ಎ ವಿಧ ಎಂದೇ ಎಣಿಸಬೇಕು. ಆದ್ದರಿಂದ ಹೃದಯ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೇ ಹೋಗಬೇಕು, ನಡುವೆ ಇನ್ನೊಂದು ಕಡೆ ಇಳಿಸಿ ‘ಒಮ್ಮೆ ತೋರಿಸಿ’ ಹೋಗುವುದಲ್ಲ. ಹೊರಡುವ ಮುನ್ನ ಫೋನ್ ಮಾಡಿ ಮೂರು ವಿಷಯ ಕೇಳಿ: ಸಿಟಿ ಈಗ ನಡೆಯುತ್ತಿದೆಯೇ, ಹೃದಯದ ಸರ್ಜನ್ ಇದ್ದಾರೆಯೇ, ಅಯೋರ್ಟಾದ ತುರ್ತು ಆಪರೇಷನ್ ಮಾಡುತ್ತಾರೆಯೇ. ಸ್ಟೆಂಟ್ ಹಾಕುವ ಕ್ಯಾಥ್‌ಲ್ಯಾಬ್ ಇದೆ ಎಂದರೆ ಇದಕ್ಕೆ ಸಾಲದು. ಆಪರೇಷನ್‌ನಲ್ಲಿ ಹರಿದ ಭಾಗ ತೆಗೆದು ಡೇಕ್ರಾನ್ ಬಟ್ಟೆಯ ಕೊಳವೆ ಹೊಲಿಯುತ್ತಾರೆ. ಅದಾದ ಮೇಲೂ ಸುಮಾರು ಐವರಲ್ಲಿ ಒಬ್ಬರು ಉಳಿಯುವುದಿಲ್ಲ. ಮಾಡಿಸದಿದ್ದರೆ ಉಳಿಯುವವರೇ ಕಡಿಮೆ. ಬಿ ವಿಧದಲ್ಲಿ ಬಹುಪಾಲು ಜನಕ್ಕೆ ಐಸಿಯುವಿನಲ್ಲಿ ಔಷಧಿ ಸಾಕಾಗುತ್ತದೆ. ಕಾಲಿಗೋ ಕರುಳಿಗೋ ಮೂತ್ರಪಿಂಡಕ್ಕೋ ರಕ್ತ ನಿಂತರೆ, ಇಲ್ಲವೇ ಸೋರಿಕೆ ಶುರುವಾದರೆ ತೊಡೆಯ ರಕ್ತನಾಳದ ಮೂಲಕ ಬಟ್ಟೆ ಹೊದಿಸಿದ ಸ್ಟೆಂಟ್ ಇಡುತ್ತಾರೆ.

ಯಾರಿಗೆ ಬರಬಹುದು

ಮೊದಲು ಹೇಳಿದ ಅಂತರರಾಷ್ಟ್ರೀಯ ನೋಂದಣಿಯ ರೋಗಿಗಳಲ್ಲಿ ಹತ್ತರಲ್ಲಿ ಏಳು ಮಂದಿಗೆ ಮೊದಲೇ ಬಿಪಿ ಇತ್ತು. ವರ್ಷಾನುಗಟ್ಟಲೆ ಹೆಚ್ಚಿನ ಒತ್ತಡ ತಿಂದ ಗೋಡೆ ಮೆತ್ತಗಾಗಿರುತ್ತದೆ. ಮೇಲಿಂದ ಮಾತ್ರೆ ಬಿಟ್ಟರೆ, ಧೂಮಪಾನವೂ ಸೇರಿದರೆ, ಭಾರ ಎತ್ತುವ ಒಂದು ಕ್ಷಣ ಸಾಕು. ಗಂಡಸರಲ್ಲಿ, ಅರವತ್ತರ ಆಚೀಚೆ ಹೆಚ್ಚು. ಕೊಕೇನ್‌ನಂಥ ಮಾದಕವಸ್ತು ಸೇವಿಸುವವರಲ್ಲಿ ವಯಸ್ಸಿನ ಲೆಕ್ಕವಿಲ್ಲ.

ನಲವತ್ತರೊಳಗಿನವರಿಗೆ ಬಂದರೆ ಕಾರಣ ಬಹುತೇಕ ಹುಟ್ಟಿನಿಂದ ಬಂದದ್ದು. ದೇಹದ ಅಂಗಾಂಶಗಳನ್ನು ಹಿಡಿದಿಡುವ ನಾರುಗಳೇ ದುರ್ಬಲವಾಗಿರುವ ಮಾರ್ಫಾನ್ ಸಿಂಡ್ರೋಮ್ ಅವುಗಳಲ್ಲಿ ಮುಖ್ಯ. ಮನೆಯಲ್ಲೇ ಎರಡು ಗುರುತು ನೋಡಬಹುದು. ಹೆಬ್ಬೆರಳನ್ನು ಅಂಗೈಗೆ ಅಡ್ಡಲಾಗಿ ಮಡಿಸಿ ಮುಷ್ಟಿ ಹಿಡಿದಾಗ ಹೆಬ್ಬೆರಳಿನ ಇಡೀ ಉಗುರು ಕಿರುಬೆರಳಿನ ಕಡೆಯಿಂದ ಹೊರಗೆ ಇಣುಕುವುದು ಒಂದು. ಹೆಬ್ಬೆರಳು ಕಿರುಬೆರಳಿಂದ ಇನ್ನೊಂದು ಕೈಯ ಮಣಿಕಟ್ಟನ್ನು ಸುತ್ತಿದಾಗ ಕಿರುಬೆರಳಿನ ಉಗುರನ್ನು ಹೆಬ್ಬೆರಳು ಪೂರ್ತಿ ಮುಚ್ಚುವುದು ಇನ್ನೊಂದು. ಇದರ ಜೊತೆ ಅತಿ ಎತ್ತರ, ಉದ್ದ ತೋಳು, ಒಳಕ್ಕೆ ಕುಸಿದ ಅಥವಾ ಹೊರಚಾಚಿದ ಎದೆ, ಕಣ್ಣಿನ ಮಸೂರ ಜಾರಿದ್ದು ಇದ್ದರೆ ಎಕೋ ಮಾಡಿಸಲೇಬೇಕು. ಗುರುತು ಇದ್ದ ಮಾತ್ರಕ್ಕೆ ಕಾಯಿಲೆ ಇದೆ ಎಂದಲ್ಲ.

ಮೂರು ಎಸಳಿರಬೇಕಾದ ಮಹಾಪಧಮನಿಯ ಕವಾಟ ಎರಡೇ ಎಸಳಿನೊಂದಿಗೆ ಹುಟ್ಟಿದವರು, ಟರ್ನರ್ ಸಿಂಡ್ರೋಮ್ ಇರುವ ಹೆಣ್ಣುಮಕ್ಕಳು, ಹಿಂದೆ ಹೃದಯದ ಆಪರೇಷನ್ ಆದವರು, ಮಹಾಪಧಮನಿ ಊದಿದೆ ಎಂದು ಗೊತ್ತಿರುವವರು ಇದೇ ಸಾಲಿಗೆ ಸೇರುತ್ತಾರೆ. ಇವರಲ್ಲಿ ಯಾರಾದರೂ ಗರ್ಭಿಣಿಯಾದರೆ ಕೊನೆಯ ಮೂರು ತಿಂಗಳು ಮತ್ತು ಹೆರಿಗೆಯ ನಂತರದ ವಾರಗಳು ಹೆಚ್ಚು ನಾಜೂಕಿನವು. ಬಾಣಂತಿಯ ಬೆನ್ನುನೋವು ಎಂದು ಎಣ್ಣೆ ತಿಕ್ಕಿ ಕೂರಬಾರದ ಹೊತ್ತು ಅದು. ಮೂತ್ರದ ಸೋಂಕಿಗೆ ಅಂಗಡಿಯಲ್ಲೇ ಕೇಳಿ ತಂದು ನುಂಗುವ ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಮಾತ್ರೆಗಳನ್ನು ಇಂಥವರಿಗೆ ಬೇರೆ ಔಷಧಿ ಇದ್ದಾಗ ಕೊಡಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ.

ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು. ಇವರಲ್ಲಿ ಒಬ್ಬರಿಗೆ ಇದು ಆಗಿದ್ದರೆ, ಅಥವಾ ಚಿಕ್ಕ ವಯಸ್ಸಿನಲ್ಲಿ ‘ಹಾರ್ಟ್ ನಿಂತು’ ಹೋಗಿದ್ದಾರೆ ಎಂಬ ಮಾತು ಮನೆತನದಲ್ಲಿ ಎರಡು ಸಲ ಕೇಳಿದ್ದರೆ ಉಳಿದವರು ಒಂದು ಎಕೋ ಮಾಡಿಸಿಕೊಳ್ಳಲಿ. ಬರೆದುಕೊಡುವಾಗಲೇ ಮಹಾಪಧಮನಿಯ ಬುಡ ಮತ್ತು ಮೇಲೇರುವ ಭಾಗದ ಅಳತೆ ಬೇಕು ಎಂದು ಹೇಳಬೇಕು. ಬರೀ ಹೃದಯದ ಪಂಪಿಂಗ್ ಶೇಕಡಾ ಇರುವ ರಿಪೋರ್ಟ್ ಇದಕ್ಕೆ ಉಪಯೋಗಕ್ಕೆ ಬಾರದು. ದೊಡ್ಡವರಲ್ಲಿ ಸಾಮಾನ್ಯವಾಗಿ ಆ ಅಳತೆ 4 ಸೆಂಟಿಮೀಟರ್ ಒಳಗಿರುತ್ತದೆ. 5.5 ಮುಟ್ಟಿದರೆ, ಮಾರ್ಫಾನ್ ಇದ್ದವರಲ್ಲಿ 5ಕ್ಕೇ, ಹರಿಯುವ ಮೊದಲೇ ಆಪರೇಷನ್ ಮಾಡಿಸುವ ಮಾತು ಬರುತ್ತದೆ. ಆದರೆ ಎಷ್ಟೋ ಜನರಿಗೆ 5.5 ಮುಟ್ಟುವ ಮುಂಚೆಯೇ ಹರಿದಿದೆ. ಹಾಗಾಗಿ 4.3 ಎಂದು ಬಂದ ರಿಪೋರ್ಟನ್ನು ಬೀರುವಿನಲ್ಲಿಡದೆ, ಮುಂದಿನ ಸ್ಕ್ಯಾನಿನ ತಾರೀಕು ಅದರ ಮೇಲೆಯೇ ಬರೆಸಿಕೊಂಡು ಬನ್ನಿ. ಅದರ ಒಂದು ಫೋಟೋ ಮನೆಯವರ ಫೋನಿನಲ್ಲೂ ಇರಲಿ.